ಗೆಳತಿ ಗೆದ್ದಾಗ ಬರೆದ ಪುಟಗಳು

1920ರ ಕೊನೆಯಲ್ಲಿ ವರ್ಜೀನಿಯಾ ವುಲ್ಫ್ ತನ್ನ ದಿನಚರಿಯಲ್ಲಿ ಒಂದು ಸಣ್ಣ ಸಂಗತಿ ಬರೆದುಕೊಂಡಳು. ಕೆಲವು ದಿನಗಳ ಹಿಂದೆ ಯಾರೋ ಅವಳ ಗೆಳತಿ ಕ್ಯಾಥರೀನ್ ಮ್ಯಾನ್ಸ್‌ಫೀಲ್ಡಳನ್ನು ಹಳಿದಿದ್ದರು. ಅದು ಕಿವಿಗೆ ಬಿದ್ದಾಗ ತನಗೆ ಖುಷಿಯಾಯಿತು ಎಂದು ಬರೆದಳು. ಇಷ್ಟಕ್ಕೇ ನಿಲ್ಲಿಸಿದ್ದರೆ ಅದು ಯಾರ ದಿನಚರಿಯಲ್ಲಾದರೂ ಸಿಗಬಹುದಾದ ಮಾತು. ಅವಳು ನಿಲ್ಲಿಸಲಿಲ್ಲ. ಯಾಕೆ ಖುಷಿಯಾಯಿತು ಎಂದು ಅಲ್ಲೇ ತನ್ನನ್ನು ಕೇಳಿಕೊಂಡಳು. ಮೊದಲು ಹೊಳೆದ ಉತ್ತರಗಳೆಲ್ಲ ಗೆಳತಿಯ ಮೇಲಿನ ದೂರುಗಳೇ ಆಗಿದ್ದವು: ಅವಳು ತನ್ನ ಹೆಸರನ್ನು ತಾನೇ ಮೆರೆಸಿಕೊಳ್ಳುತ್ತಾಳೆ, ಇಲ್ಲವೇ ಅವಳ ಗಂಡ ಅವಳ ಪರವಾಗಿ ಆ ಕೆಲಸ ಮಾಡುತ್ತಾನೆ, ಅವನ ಪತ್ರಿಕೆಯಲ್ಲಿ ಬರುವ ಅವಳ ಕತೆಗಳಂತೂ ಚೆನ್ನಾಗಿಲ್ಲ. ಇಷ್ಟು ಹೇಳಿದ ಮೇಲೆ ಅದೇ ವಾಕ್ಯದ ಬಾಲದಲ್ಲಿ ಪೆನ್ನು ಹೊರಳಿಕೊಂಡಿತು. ಅವಳನ್ನು ಬೈದದ್ದು ನನಗೆ ಇಷ್ಟು ಹಿತವಾಗಿದೆಯೆಂದರೆ, ಅವಳು ಒಳ್ಳೆಯ ಬರಹಗಾರ್ತಿ ಎಂದು ನನ್ನ ಮನಸ್ಸು ಒಳಗೊಳಗೇ ಒಪ್ಪಿಕೊಂಡಿರಬೇಕು ಎಂಬ ತೀರ್ಮಾನಕ್ಕೆ ವುಲ್ಫ್ ಬಂದಳು.

ಹೊಟ್ಟೆಕಿಚ್ಚಿನ ಬಗ್ಗೆ ಉಪದೇಶಗಳು ನಮ್ಮಲ್ಲಿ ಬೇಕಾದಷ್ಟಿವೆ. ಅರಿಷಡ್ವರ್ಗದಲ್ಲಿ ಮತ್ಸರವನ್ನು ಸೇರಿಸಿ ಅದನ್ನು ಗೆಲ್ಲಬೇಕು ಎಂದು ಹಿರಿಯರು ಹೇಳಿಕೊಡುತ್ತಾರೆ. ಆದರೆ ಅದನ್ನು ಹಿಡಿದು ನಿಲ್ಲಿಸಿ, ನೀನು ಯಾವುದಕ್ಕೆ ಆಸೆಪಟ್ಟು ಬಂದೆ ಎಂದು ವಿಚಾರಿಸಿದವರು ಕಡಿಮೆ. ವುಲ್ಫಳ ದಿನಚರಿ ಆ ವಿಚಾರಣೆಯನ್ನು ವರ್ಷಗಟ್ಟಲೆ ನಡೆಸಿತು. 1915ರಿಂದ 1941ರಲ್ಲಿ ಸಾಯುವವರೆಗೆ ಅವಳು ಬರೆದ ದಿನಚರಿಗಳು ಈಗ ಐದು ಸಂಪುಟಗಳಲ್ಲಿ ಅಚ್ಚಾಗಿವೆ. ಅವುಗಳಲ್ಲಿ ಮ್ಯಾನ್ಸ್‌ಫೀಲ್ಡ್ ಬರುವ ಪುಟಗಳನ್ನಷ್ಟೇ ತೆಗೆದು ಸಾಲಾಗಿ ಓದಿದರೆ, ಒಬ್ಬ ಆಪ್ತಳ ಏಳಿಗೆ ನಮ್ಮೊಳಗೆ ಏನೇನನ್ನು ಕಲಕುತ್ತದೆ ಎಂಬುದು ಬೇರೆಲ್ಲೂ ಸಿಗದಷ್ಟು ಸ್ಪಷ್ಟವಾಗಿ ಕಾಣುತ್ತದೆ.

ಇಬ್ಬರ ನಂಟನ್ನು ಸ್ವಲ್ಪ ತಿಳಿದುಕೊಳ್ಳಬೇಕು. ವುಲ್ಫ್ ಲಂಡನ್ನಿನವಳು, 1882ರಲ್ಲಿ ಓದುಬರಹದ ಮನೆತನದಲ್ಲಿ ಹುಟ್ಟಿದವಳು. ಮ್ಯಾನ್ಸ್‌ಫೀಲ್ಡ್ ಆರು ವರ್ಷ ಚಿಕ್ಕವಳು, ನ್ಯೂಜಿಲೆಂಡಿನ ವೆಲಿಂಗ್ಟನ್ನಿನಿಂದ ಬಂದವಳು. ಇಂಗ್ಲೆಂಡಿನ ಸಾಹಿತ್ಯವಲಯಕ್ಕೆ ಅವಳು ಹೊರಗಿನವಳು. 1917ರ ಹೊತ್ತಿಗೆ ಇಬ್ಬರಿಗೂ ಒಡನಾಟ ಬೆಳೆಯಿತು. ಮೊದಮೊದಲು ವುಲ್ಫಳಿಗೆ ಅವಳು ಹಾಕಿಕೊಳ್ಳುವ ಸುಗಂಧವೂ ಸರಿಬರಲಿಲ್ಲ, ನಡವಳಿಕೆಯೂ ಹಿಡಿಸಲಿಲ್ಲ. ಆದರೂ ಇವಳ ಬುದ್ಧಿ ಹರಿತವಾದದ್ದು, ಇವಳ ಜೊತೆ ಮಾತಾಡಿದರೆ ಪ್ರಯೋಜನವಿದೆ ಎಂದು ಅವಳಿಗೆ ಅದೇ ದಿನಗಳಲ್ಲಿ ಅನಿಸಿತ್ತು. ಮ್ಯಾನ್ಸ್‌ಫೀಲ್ಡಂತೂ ಆ ವರ್ಷವೇ ಒಂದು ಪತ್ರದಲ್ಲಿ, ನಾವಿಬ್ಬರೂ ಒಬ್ಬರಿಗೊಬ್ಬರು ಹೇಳಿಕೊಳ್ಳದೆಯೇ ಹೆಚ್ಚುಕಡಿಮೆ ಒಂದನ್ನೇ ಬೆನ್ನಟ್ಟುತ್ತಿದ್ದೇವೆ ಎಂದು ಬೆರಗಿನಿಂದ ಬರೆದಿದ್ದಳು.

ಅದು ನಿಜವೂ ಆಗಿತ್ತು. ವುಲ್ಫ್ ದಂಪತಿ ಆ ವರ್ಷ ರಿಚ್‌ಮಂಡ್‌ನ ತಮ್ಮ ಮನೆಯ ಊಟದ ಕೋಣೆಯಲ್ಲಿ ಕೈಯಿಂದ ನಡೆಸುವ ಪುಟ್ಟ ಅಚ್ಚಿನ ಯಂತ್ರ ಇಟ್ಟುಕೊಂಡು ಹೊಗಾರ್ತ್ ಪ್ರೆಸ್ ಶುರುಮಾಡಿದ್ದರು. ಮೊದಲ ಪುಸ್ತಕ ಅವರಿಬ್ಬರದೇ ಕತೆಗಳು. ಎರಡನೆಯದು ಮ್ಯಾನ್ಸ್‌ಫೀಲ್ಡಳ ‘ಪ್ರೆಲ್ಯೂಡ್’ ಎಂಬ ನೀಳ್ಗತೆ, 68 ಪುಟ, ಸುಮಾರು 300 ಪ್ರತಿ. ನ್ಯೂಜಿಲೆಂಡಿನ ಒಂದು ಕುಟುಂಬ ಮನೆ ಬದಲಿಸುವ ಕತೆ ಅದು. ಹೆಚ್ಚೇನೂ ನಡೆಯುವುದಿಲ್ಲ, ಆದರೆ ಪ್ರತಿಯೊಬ್ಬರ ಒಳಗೂ ಏನೋ ಹಾದುಹೋಗುತ್ತದೆ. ಅದರ ಸೀಸದ ಮೊಳೆಗಳಲ್ಲಿ ಬಹಳಷ್ಟನ್ನು ವುಲ್ಫ್ ತಾನೇ ಒಂದೊಂದಾಗಿ ಆರಿಸಿ ಜೋಡಿಸಿದಳು. ತಿಂಗಳುಗಟ್ಟಲೆ ಹಿಡಿದ ಕೆಲಸ ಅದು, 1918ರ ಜುಲೈಯಲ್ಲಿ ಪುಸ್ತಕ ಹೊರಬಂತು. ಗೆಳತಿಯ ವಾಕ್ಯವನ್ನು ಅಕ್ಷರ ಅಕ್ಷರವಾಗಿ ಬೆರಳಲ್ಲಿ ಹಿಡಿದು ಜೋಡಿಸಿದವಳಿಗೆ ಆ ವಾಕ್ಯದ ಬಿಗಿ ಎಲ್ಲಿದೆ ಎಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಪುಸ್ತಕ ಬಂದು ಒಂದು ತಿಂಗಳೂ ಆಗಿರಲಿಲ್ಲ, ಮ್ಯಾನ್ಸ್‌ಫೀಲ್ಡಳ ‘ಬ್ಲಿಸ್’ ಎಂಬ ಕತೆಯನ್ನು ಪತ್ರಿಕೆಯೊಂದರಲ್ಲಿ ಓದಿ ಅವಳು ಪತ್ರಿಕೆಯನ್ನೇ ಆಚೆ ಎಸೆದಳು. ಇನ್ನು ಇವಳ ಕತೆ ಮುಗಿಯಿತು, ಇವಳ ಮನಸ್ಸು ಬಂಡೆಯ ಮೇಲಿನ ತೆಳು ಮಣ್ಣಿನಷ್ಟೇ ಆಳದ್ದು ಎಂಬರ್ಥದ ಮಾತು ಆಗಸ್ಟ್ 7ರ ಪುಟದಲ್ಲಿದೆ. ಆ ಕತೆಯ ಬಗ್ಗೆ ಅವಳ ಆಕ್ಷೇಪ ಪ್ರಾಮಾಣಿಕವಾಗಿಯೂ ಇದ್ದಿರಬಹುದು. ಆದರೆ ಒಂದು ಕತೆ ಹಿಡಿಸಲಿಲ್ಲವೆಂದು ಬರೆದವಳೇ ಮುಗಿದುಹೋದಳು ಎಂದು ಘೋಷಿಸುವ ಆತುರ ವಿಮರ್ಶೆಯದಲ್ಲ.

ಹೊಟ್ಟೆಕಿಚ್ಚು ದೂರದವರ ಮೇಲೆ ಯಾಕೆ ಇಷ್ಟು ಉರಿಯುವುದಿಲ್ಲ ಎಂಬುದಕ್ಕೆ ಹಳೆಯ ಉತ್ತರ ಒಂದಿದೆ. ಕಾಲ, ಊರು, ವಯಸ್ಸು, ಹೆಸರು ಇವುಗಳಲ್ಲಿ ನಮಗೆ ಹತ್ತಿರವಿದ್ದವರ ಮೇಲೇ ಅಸೂಯೆ ಹುಟ್ಟುತ್ತದೆ ಎಂದು ಅರಿಸ್ಟಾಟಲ್ ಎರಡು ಸಾವಿರ ವರ್ಷಗಳ ಹಿಂದೆಯೇ ಹೇಳಿದ್ದ. ಅಮೆರಿಕದ ಮನಶ್ಶಾಸ್ತ್ರಜ್ಞ ಅಬ್ರಹಾಂ ಟೆಸ್ಸರ್ ಇದನ್ನು ಪ್ರಯೋಗಕ್ಕೆ ಒಡ್ಡಿದ. 1980ರಲ್ಲಿ ಅವನೂ ಅವನ ಸಹೋದ್ಯೋಗಿಯೂ ಪ್ರಕಟಿಸಿದ ಆ ಪ್ರಯೋಗ ಸರಳವಾಗಿತ್ತು. ಪದ ಊಹಿಸುವ ಆಟ. ಆಡುವವನಿಗೆ ಸುಳಿವು ಕೊಡಬೇಕು; ಸುಲಭದ ಸುಳಿವು ಕೊಡಬೇಕೋ ಕಷ್ಟದ್ದು ಕೊಡಬೇಕೋ ಎಂಬುದು ಕೊಡುವವನ ಇಷ್ಟ. ಒಮ್ಮೆ ಆಡುವವನು ಅವನ ಸ್ನೇಹಿತ, ಇನ್ನೊಮ್ಮೆ ಅಪರಿಚಿತ. ಕೆಲವರಿಗೆ ಇದು ಬರೀ ಆಟ ಎಂದು ಹೇಳಿದರು. ಇನ್ನು ಕೆಲವರಿಗೆ ಇದರಿಂದ ಬುದ್ಧಿಯ ಚುರುಕು ಗೊತ್ತಾಗುತ್ತದೆ ಎಂಬಂತೆ ಹೇಳಿ, ನೀವು ಅಷ್ಟೇನೂ ಚೆನ್ನಾಗಿ ಆಡಲಿಲ್ಲ ಎಂದೂ ಸೇರಿಸಿದರು. ಬರೀ ಆಟ ಎಂದುಕೊಂಡವರು ಸ್ನೇಹಿತನಿಗೆ ಸುಲಭದ ಸುಳಿವು ಕೊಟ್ಟರು. ತಮ್ಮ ಬುದ್ಧಿಯ ಮಾನ ಪಣಕ್ಕಿದೆ ಎಂದುಕೊಂಡವರು ಅಪರಿಚಿತನಿಗಿಂತ ಸ್ನೇಹಿತನಿಗೇ ಹೆಚ್ಚು ಕಷ್ಟದ ಸುಳಿವು ಕೊಟ್ಟರು.

ಇದರಿಂದ ಟೆಸ್ಸರ್ ಕಟ್ಟಿದ ವಾದ ಹೀಗಿದೆ. ಹತ್ತಿರದವರು ಗೆದ್ದಾಗ ಎರಡು ಬಗೆಯ ಪರಿಣಾಮ ಸಾಧ್ಯ. ಅವರು ಗೆದ್ದ ಕ್ಷೇತ್ರ ನನಗೆ ಮುಖ್ಯವಲ್ಲದಿದ್ದರೆ ಅವರ ಬೆಳಕು ನನ್ನ ಮೇಲೂ ಬೀಳುತ್ತದೆ, ಅವಳು ನನ್ನ ಗೆಳತಿ ಎಂದು ಹೇಳಿಕೊಂಡು ಓಡಾಡುತ್ತೇನೆ. ಅದೇ ಕ್ಷೇತ್ರದಲ್ಲಿ ನಾನೂ ಏನಾದರೂ ಆಗಬೇಕೆಂದಿದ್ದರೆ ಅವಳ ಗೆಲುವು ನನ್ನನ್ನು ಅಳೆಯುವ ಕೋಲಾಗುತ್ತದೆ. ಗೆಳತಿ ಎಷ್ಟು ಹತ್ತಿರವೋ ನೋವು ಅಷ್ಟು ಹೆಚ್ಚು. ದಿನಚರಿ ಬರೆಯುವವರಿಗೆ ಈ ಮಾತಿನಲ್ಲಿ ಒಂದು ಉಪಯುಕ್ತ ಅಂಶವಿದೆ. ಗೆಳತಿಯ ಹತ್ತು ಭಾಗ್ಯಗಳಲ್ಲಿ ಒಂಬತ್ತಕ್ಕೆ ನಮಗೆ ಸಂತೋಷವೇ ಆಗುತ್ತದೆ, ಹತ್ತನೆಯದು ಮಾತ್ರ ಚುಚ್ಚುತ್ತದೆ. ಹಾಗಾದರೆ ಆ ಹತ್ತನೆಯದರಲ್ಲಿ ನಮ್ಮದೂ ಏನೋ ಸಿಕ್ಕಿಕೊಂಡಿದೆ. ಅದು ನಮಗೆ ಮುಖ್ಯ ಎಂದು ನಾವು ಬಾಯಿಬಿಟ್ಟು ಎಂದೂ ಹೇಳಿರಲಿಕ್ಕಿಲ್ಲ.

ವುಲ್ಫಳಿಗೆ ಎಲ್ಲಿ ಚುಚ್ಚಿತು ಎಂಬುದಕ್ಕೆ 1919ರ ನವೆಂಬರ್ ನೋಡಬೇಕು. ಅವಳ ‘ನೈಟ್ ಆಂಡ್ ಡೇ’ ಕಾದಂಬರಿ ಆಗಷ್ಟೇ ಬಂದಿತ್ತು. ಮ್ಯಾನ್ಸ್‌ಫೀಲ್ಡಳ ಗಂಡ ಜಾನ್ ಮಿಡಲ್ಟನ್ ಮರ್ರಿ ‘ಅಥೀನಿಯಂ’ ಪತ್ರಿಕೆಯ ಸಂಪಾದಕ. ಅದರಲ್ಲಿ ಮ್ಯಾನ್ಸ್‌ಫೀಲ್ಡಳೇ ಕಾದಂಬರಿಯ ವಿಮರ್ಶೆ ಬರೆದಳು. ಮಾತು ಸಭ್ಯವಾಗಿತ್ತು, ಪೆಟ್ಟು ಗಟ್ಟಿಯಾಗಿತ್ತು. ಸುತ್ತಮುತ್ತ ಏನೂ ಆಗಿಯೇ ಇಲ್ಲವೆಂಬಂತೆ, ಹಿಂದಿನ ಕಾಲದ ಶಾಂತ ಕಾದಂಬರಿಯೊಂದು ದಡ ಸೇರಿದೆ ಎಂಬುದು ಅದರ ತಿರುಳು. ಮಹಾಯುದ್ಧ ಮುಗಿದು ಒಂದು ವರ್ಷವಾಗಿತ್ತು. ಯುದ್ಧ ನಡೆದೇ ಇಲ್ಲವೇನೋ ಎಂಬಂತೆ ಬರೆಯುವುದು ಆತ್ಮದ್ರೋಹ ಎಂಬ ಅಭಿಪ್ರಾಯವನ್ನು ಗಂಡನಿಗೆ ಬರೆದ ಖಾಸಗಿ ಪತ್ರದಲ್ಲಿ ಅವಳು ಇನ್ನೂ ನೇರವಾಗಿ ಹೇಳಿದ್ದಳು. ಇದರಲ್ಲಿ ನನಗೆ ದ್ವೇಷ ಕಂಡಿತು ಎಂದು ವುಲ್ಫ್ ದಿನಚರಿಯಲ್ಲಿ ಬರೆದಳು. ಸಭ್ಯಸ್ಥ ಮುದುಕಿಯೊಬ್ಬಳ ಹಾಗೆ ತನ್ನನ್ನು ಚಿತ್ರಿಸಿದ್ದಾಳೆ ಎಂದು ನೊಂದುಕೊಂಡಳು. ಬೇರೆ ವಿಮರ್ಶಕರು ಹೊಗಳಿದ್ದೂ ಇತ್ತು, ಅದು ಮನಸ್ಸಿಗೆ ಅಷ್ಟು ತಾಗಲಿಲ್ಲ. ತಾಗಿದ್ದು ಆ ಒಬ್ಬಳು ಹೇಳಿದ ಒಂದೇ ಮಾತು: ನೀನು ಹೊಸದನ್ನು ಮಾಡುತ್ತಿಲ್ಲ. ವುಲ್ಫಳಿಗೆ ಎಲ್ಲಕ್ಕಿಂತ ಹೆಚ್ಚಾಗಿ ಬೇಕಾಗಿದ್ದದ್ದು ಹೊಸದನ್ನು ಮಾಡುವುದೇ. ಎರಡು ತಿಂಗಳ ಮೇಲೆ, 1920ರ ಜನವರಿ 26ರ ಪುಟದಲ್ಲಿ, ಹೊಸ ಕಾದಂಬರಿಗೆ ಹೊಸದೊಂದು ರೂಪ ಹೊಳೆದಿದೆ ಎಂದು ಅವಳು ಉತ್ಸಾಹದಿಂದ ಬರೆದುಕೊಳ್ಳುತ್ತಾಳೆ. ಒಂದರೊಳಗಿಂದ ಇನ್ನೊಂದು ಬಿಚ್ಚಿಕೊಳ್ಳುವ, ಹಳೆಯ ಕಟ್ಟೋಣದ ಸಾರುವೆ ಕಾಣದ ಕಾದಂಬರಿ. ಅದೇ ಮುಂದೆ ಯುದ್ಧದಲ್ಲಿ ಸತ್ತ ಒಬ್ಬ ತರುಣನ ಸುತ್ತ ಬೆಳೆದ ‘ಜೇಕಬ್ಸ್ ರೂಮ್’ ಆಯಿತು. ವಿಮರ್ಶೆಯೇ ಇದನ್ನು ಬರೆಸಿತು ಎನ್ನಲಾರೆ. ಈ ಹುಡುಕಾಟ ಅವಳ ಸಣ್ಣಕತೆಗಳಲ್ಲಿ ಆಗಲೇ ಶುರುವಾಗಿತ್ತು. ಆದರೆ ಆ ವಿಮರ್ಶೆ ಅವಳಿಗೆ ಅಷ್ಟು ನೋವು ಕೊಟ್ಟದ್ದಕ್ಕೂ ಅವಳು ಮುಂದೆ ಹಿಡಿದ ದಾರಿಗೂ ನಂಟಿಲ್ಲ ಎಂದು ನನಗೆ ನಂಬಲಾಗುವುದಿಲ್ಲ.

ಇದೇ ನವೆಂಬರಿನಲ್ಲಿ ಇನ್ನೊಂದು ಕಡೆ ಏನಾಗುತ್ತಿತ್ತು ಎಂಬುದು ವುಲ್ಫಳಿಗೆ ಗೊತ್ತಿರಲಿಲ್ಲ. ಮ್ಯಾನ್ಸ್‌ಫೀಲ್ಡಳಿಗೆ ಕ್ಷಯರೋಗ. ಚಳಿಗಾಲ ಕಳೆಯಲೆಂದು ಇಟಲಿಯ ಕಡಲತೀರದ ಓಸ್ಪೆಡಾಲೆಟ್ಟಿ ಎಂಬ ಊರಿನಲ್ಲಿ, ಗಂಡನಿಂದ ದೂರ, ಗೆಳತಿಯೊಬ್ಬಳ ಆರೈಕೆಯಲ್ಲಿ ಇದ್ದಳು. ಅಲ್ಲಿಂದ ಗಂಡನಿಗೆ ಬರೆದ ಪತ್ರದಲ್ಲಿ ವರ್ಜೀನಿಯಾಳನ್ನು ಕಂಡರೆ ತನಗೆ ಎಷ್ಟು ಅಸೂಯೆ ಎಂದು ಅವಳು ಮುಚ್ಚುಮರೆಯಿಲ್ಲದೆ ಹೇಳುತ್ತಾಳೆ. ಅವಳ ಬರವಣಿಗೆಯಲ್ಲಿ ಒಂದು ನಿರಾಳ ಇದೆ, ಇರದೆ ಏನು, ತಲೆಯ ಮೇಲೆ ಸ್ವಂತ ಸೂರು, ಸುತ್ತ ತನ್ನವೇ ಸಾಮಾನು, ಕರೆದರೆ ಓಗೊಡುವಷ್ಟು ಹತ್ತಿರದಲ್ಲಿ ಗಂಡ, ಹೀಗೆ ಅವಳ ಮಾತು ಸಾಗುತ್ತದೆ. ಸಭ್ಯವಾದ ವಿಮರ್ಶೆಯಲ್ಲಿ ಆ ನಿರಾಳವನ್ನೇ ಕೊರತೆ ಎಂದು ಎತ್ತಿ ತೋರಿಸಿದ್ದವಳು ಪತ್ರದಲ್ಲಿ ಅದಕ್ಕೇ ಹಂಬಲಿಸುತ್ತಾಳೆ. ಒಬ್ಬರಿಗೊಬ್ಬರು ಕರುಬುತ್ತಿದ್ದ ಈ ಇಬ್ಬರೂ ಬಯಸಿದ್ದು ಒಂದನ್ನಲ್ಲ. ವುಲ್ಫಳಿಗೆ ಬೇಕಾಗಿದ್ದದ್ದು ಮ್ಯಾನ್ಸ್‌ಫೀಲ್ಡಳ ವಾಕ್ಯದ ಜೀವಂತಿಕೆ. ಮ್ಯಾನ್ಸ್‌ಫೀಲ್ಡಳಿಗೆ ಬೇಕಾಗಿದ್ದದ್ದು ಮನೆ, ಆರೋಗ್ಯ, ಜೊತೆಯಲ್ಲಿರುವ ಗಂಡ. ಗೆಳತಿಗೆ ನಾನು ಎಂದೂ ಬೆಲೆಕೊಡದ ನನ್ನ ಯಾವುದೋ ಸೌಕರ್ಯವೇ ಅವಳ ಹೊಟ್ಟೆ ಉರಿಸುತ್ತಿರಬಹುದು. ಇದು ಇಬ್ಬರ ಬರಹವನ್ನೂ ಪಕ್ಕಪಕ್ಕ ಇಟ್ಟು ಓದಿದ ನಮಗೆ ಕಾಣುತ್ತದೆ, ಅವರಿಗೆ ಕಾಣುವ ದಾರಿ ಇರಲಿಲ್ಲ.

1920ರ ಬೇಸಿಗೆಯಲ್ಲಿ ಮ್ಯಾನ್ಸ್‌ಫೀಲ್ಡ್ ಲಂಡನ್ನಿಗೆ ಮರಳಿದಳು. ಹ್ಯಾಂಪ್‌ಸ್ಟೆಡ್‌ನ ಅವಳ ಮನೆಯಲ್ಲಿ ಇಬ್ಬರೂ ಕೂತು ಮಾತಾಡಿದರು. ಮೊದಲ ಕೆಲವು ನಿಮಿಷ ಬಿಗುವು. ಆಮೇಲೆ ಬರವಣಿಗೆಯ ವಿಷಯ ಬಂದದ್ದೇ ಇಬ್ಬರ ನಡುವಿನ ಗೋಡೆ ಸರಿದುಹೋಗುತ್ತಿತ್ತು ಎಂದು ವುಲ್ಫ್ ಬರೆಯುತ್ತಾಳೆ. ಲೆನಾರ್ಡನನ್ನು ಬಿಟ್ಟರೆ ಹೀಗೆ ಮಾತಾಡಲು ಸಿಗುವವರು ಬೇರೆ ಇಲ್ಲ ಎಂಬ ಭಾವ ಆ ಪುಟಗಳಲ್ಲಿದೆ. ಆಗಸ್ಟಿನಲ್ಲಿ ಬೀಳ್ಕೊಂಡಾಗ ಪತ್ರ ಬರೆಯುತ್ತೇನೆ, ನನ್ನ ದಿನಚರಿಯನ್ನೂ ನಿನಗೆ ಕಳಿಸುತ್ತೇನೆ ಎಂದು ಮ್ಯಾನ್ಸ್‌ಫೀಲ್ಡ್ ಮಾತುಕೊಟ್ಟಳು. ಅದು ಕೊನೆಯ ಭೇಟಿ. ಆಮೇಲೆ ಅವಳ ಹೆಸರು ಪತ್ರಿಕೆಗಳಲ್ಲಿ ಏರುತ್ತ ಹೋಯಿತು. 1920ರ ಡಿಸೆಂಬರಿನಲ್ಲಿ ‘ಬ್ಲಿಸ್’ ಕಥಾಸಂಕಲನ, 1922ರ ಫೆಬ್ರವರಿಯಲ್ಲಿ ‘ದಿ ಗಾರ್ಡನ್ ಪಾರ್ಟಿ’. ಎರಡನೆಯದು ಬಂದ ಮೇಲೆ ವುಲ್ಫಳ ದಿನಚರಿಯಲ್ಲಿ ಹೊಸ ಉಪಾಯ ಕಾಣಿಸಿಕೊಳ್ಳುತ್ತದೆ. ಅವಳನ್ನು ಜನ ಹೊಗಳಿದಷ್ಟೂ ಅವಳು ಕಳಪೆ ಎಂದು ನನಗೆ ಖಾತ್ರಿಯಾಗುತ್ತದೆ, ಎಲ್ಲರಿಗೂ ಹಿಡಿಸುವುದು ಉತ್ತಮವಾಗಿರಲು ಹೇಗೆ ಸಾಧ್ಯ ಎಂಬ ತರ್ಕ. ಅವಳನ್ನು ಎಲ್ಲಿ ಕೂರಿಸಬೇಕೋ ಅಲ್ಲಿ ಕೂರಿಸಲು ಒಳ್ಳೆಯ ದಾರಿ ಸಿಕ್ಕಿತು ಎಂದೂ ಅವಳೇ ಹೇಳಿಕೊಳ್ಳುತ್ತಾಳೆ. ಹೀಗೆ ಹೇಳಿಕೊಂಡಿದ್ದರಿಂದಲೇ ಅದು ಉಪಾಯ ಎಂಬುದು ನಮಗೂ ತಿಳಿಯುತ್ತದೆ. ಈ ತರ್ಕ ನಮಗೆಲ್ಲ ಪರಿಚಿತ. ಗೆಳೆಯನ ಅಂಗಡಿಗೆ ಗಿರಾಕಿ ಹೆಚ್ಚಾದರೆ ಅವನು ಅಗ್ಗದ ಮಾಲು ಮಾರುತ್ತಾನೆ ಎನ್ನುತ್ತೇವೆ, ಗೆಳತಿಯ ಸಂಗೀತಕ್ಕೆ ಸಭೆ ತುಂಬಿದರೆ ಅವಳು ಜನಮೆಚ್ಚುಗೆಗೆ ಹಾಡುತ್ತಾಳೆ ಎನ್ನುತ್ತೇವೆ. ಅವರ ಗೆಲುವೇ ಅವರ ವಿರುದ್ಧದ ಸಾಕ್ಷಿಯಾಗಿಬಿಡುತ್ತದೆ.

ಮ್ಯಾನ್ಸ್‌ಫೀಲ್ಡ್ 1923ರ ಜನವರಿ 9ರಂದು ಫ್ರಾನ್ಸಿನ ಫಾಂಟೆನ್‌ಬ್ಲೋ ಬಳಿ ತೀರಿಕೊಂಡಳು. ಅವಳಿಗೆ 34 ವರ್ಷ. ಜನವರಿ 16ರಂದು ವುಲ್ಫ್ ಬರೆದ ಪುಟ ನನ್ನ ಮಟ್ಟಿಗೆ ಅಸೂಯೆಯ ಬಗ್ಗೆ ಇರುವ ಅತ್ಯಂತ ಪ್ರಾಮಾಣಿಕ ಬರಹಗಳಲ್ಲಿ ಒಂದು. ಬೆಳಗಿನ ತಿಂಡಿಯ ಹೊತ್ತಿಗೆ ಮನೆಗೆಲಸದ ನೆಲಿ ಪತ್ರಿಕೆಯಲ್ಲಿ ಬಂದಿದೆ ಎಂದು ಸುದ್ದಿ ಹೇಳಿದಳು. ಆಗ ನನಗೆ ಏನನಿಸಿತು ಎಂದು ವುಲ್ಫ್ ಕೇಳಿಕೊಳ್ಳುತ್ತಾಳೆ. ಮೊದಲು ಬರುವ ಊಹೆ, ಅದು ನಿರಾಳವೇ, ಎದುರಾಳಿಯೊಬ್ಬಳು ಕಡಿಮೆಯಾದಳು ಎಂದೇ. ಇದನ್ನು ಅವಳು ಪ್ರಶ್ನೆಯಾಗಿಯೇ ಬರೆಯುತ್ತಾಳೆ, ಆದರೆ ಅಳಿಸುವುದಿಲ್ಲ. ಅದರ ಹಿಂದೆ ಇಷ್ಟೇ ಅನಿಸಿತಲ್ಲ ಎಂಬ ಗಲಿಬಿಲಿ. ಆಮೇಲೆ ಮೆಲ್ಲಗೆ ಒಂದು ಬರಿದು, ಇಡೀ ದಿನ ಏಳಲಾಗದಂಥ ಮಂಕು. ಬರೆಯಲು ಕೂತರೆ ಬರೆದು ಏನು ಪ್ರಯೋಜನ ಎನಿಸಿತು. ಕಾರಣ, ಕ್ಯಾಥರೀನ್ ಇದನ್ನು ಓದುವುದಿಲ್ಲ.

ಇಲ್ಲಿ ಪುಟ ತಿರುಗುತ್ತದೆ. ಐದು ವರ್ಷ ಅವಳು ತನಗೆ ಏನು ಬೇಕು ಎಂದುಕೊಂಡಿದ್ದಳೋ ಅದು ಈಗ ಸಿಕ್ಕಿದೆ, ಎದುರಾಳಿ ಇಲ್ಲ. ಸಿಕ್ಕ ಕ್ಷಣಕ್ಕೇ ಅದು ಬೇಕಾಗಿರಲಿಲ್ಲ ಎಂಬುದೂ ಗೊತ್ತಾಗಿದೆ. ಕೆಲವನ್ನು ನಾನು ಅವಳಿಗಿಂತ ಚೆನ್ನಾಗಿ ಮಾಡಬಲ್ಲೆ, ಆದರೆ ನನ್ನಿಂದ ಆಗದ್ದನ್ನು ಮಾಡಬಲ್ಲವಳು ಎಲ್ಲಿ ಎಂದು ಅವಳು ಕೇಳುತ್ತಾಳೆ. ಜೀವನದಲ್ಲಿ ತಾನು ಅಸೂಯೆಪಟ್ಟ ಒಂದೇ ಒಂದು ಬರವಣಿಗೆ ಅವಳದು ಎಂದು ಒಪ್ಪಿಕೊಳ್ಳುತ್ತಾಳೆ. ಅದರ ಜೊತೆಗೇ, ಆ ಅಸೂಯೆಯಿಂದಲೇ ಪತ್ರ ಬರೆಯುವುದು ಕಷ್ಟವಾಯಿತು, ಅವಳಲ್ಲಿ ಹಿಡಿಸದ್ದೆಲ್ಲ ಅವಳ ಬರವಣಿಗೆಯಲ್ಲೂ ಕಂಡಿತು ಎಂದು ಕಾರಣವನ್ನೂ ಹಿಡಿಯುತ್ತಾಳೆ. ನಮ್ಮಿಬ್ಬರಲ್ಲಿ ಸಮಾನವಾಗಿ ಏನೋ ಇತ್ತು, ಅದು ಬೇರೆ ಯಾರಲ್ಲೂ ಇನ್ನು ಸಿಗಲಾರದು ಎಂದು ಬರೆಯುತ್ತಾಳೆ.

ಒಟ್ಟಿನಲ್ಲಿ ಆ ಒಂದು ಹೊಟ್ಟೆಕಿಚ್ಚಿನೊಳಗೆ ಎರಡು ಆಸೆಗಳಿದ್ದವು. ಒಂದು, ನಾನೇ ಮೊದಲಿಗಳಾಗಬೇಕು. ಇನ್ನೊಂದು, ನಾನು ಮಾಡುವ ಕೆಲಸ ಎಷ್ಟು ಕಷ್ಟದ್ದು ಎಂದು ಬಲ್ಲ ಒಬ್ಬಳು ಅದನ್ನು ಓದಬೇಕು. ಮೊದಲನೆಯದಕ್ಕೆ ಗೆಳತಿ ಅಡ್ಡಿ, ಎರಡನೆಯದಕ್ಕೆ ಗೆಳತಿ ಬೇಕೇ ಬೇಕು. ಎರಡೂ ಒಂದೇ ಹೆಸರಿನಲ್ಲಿ ಒಂದೇ ಮನಸ್ಸಿನಲ್ಲಿ ಇದ್ದುದರಿಂದ ಮೊದಲನೆಯದೇ ದೊಡ್ಡದಾಗಿ ಕೇಳಿಸುತ್ತಿತ್ತು. ಎರಡನೆಯದು ಅಲ್ಲಿತ್ತೆಂಬುದಕ್ಕೆ 1920ರ ಬೇಸಿಗೆಯ ಪುಟಗಳಲ್ಲಿ ಸುಳಿವಿದೆ. ವುಲ್ಫ್ ಅದನ್ನು ಸರಿಯಾಗಿ ಓದಿಕೊಂಡದ್ದು ಪತ್ರ ಬರೆಯಲು ಆಚೆ ಯಾರೂ ಇಲ್ಲದಾದ ಮೇಲೆ.

ಇಂಥ ಪುಟ ಬರೆಯಲು ಕಾದಂಬರಿಕಾರರೇ ಆಗಬೇಕಿಲ್ಲ. ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಹಾಸನದ ಶಾಲೆಯೊಂದರಲ್ಲಿ ಇಬ್ಬರು ಶಿಕ್ಷಕಿಯರು ಹದಿನೈದು ವರ್ಷದಿಂದ ಗೆಳತಿಯರು. ಒಬ್ಬಳಿಗೆ ಬಡ್ತಿ ಸಿಕ್ಕಿ ಮೈಸೂರಿಗೆ ವರ್ಗವಾಯಿತು. ಇಲ್ಲಿ ಉಳಿದವಳು ಸಿಹಿ ಹಂಚಿ ಕಳಿಸಿಕೊಟ್ಟಳು, ರಾತ್ರಿ ನಿದ್ದೆ ಬರಲಿಲ್ಲ. ದಿನಚರಿ ತೆಗೆದಳು. ಸಾಮಾನ್ಯವಾಗಿ ಮೊದಲ ಸಾಲು ಹೀಗಿರುತ್ತದೆ: ಅವಳಿಗೆ ಮೇಲಿನವರ ಪರಿಚಯ ಇತ್ತು. ಅದನ್ನು ಬರೆಯಲಿ, ಅಡ್ಡಿಯಿಲ್ಲ. ದೂರನ್ನು ತಡೆದರೆ ಮುಂದಿನದು ಬರುವುದಿಲ್ಲ. ಆದರೆ ಅದರ ಪಕ್ಕದಲ್ಲೇ ಆ ದಿನದ ವಿವರ ಇರಬೇಕು. ಚುಚ್ಚಿದ್ದು ಯಾವ ಮಾತಿಗೆ, ಎಷ್ಟು ಹೊತ್ತಿನಲ್ಲಿ? ಬಡ್ತಿಯ ಸುದ್ದಿ ಕೇಳಿದಾಗ ನಿಜವಾಗಿ ಸಂತೋಷವಾಗಿತ್ತು. ಸಂಬಳ ಎಷ್ಟೆಂದು ಹೇಳಿದಾಗಲೂ ಏನೂ ಆಗಲಿಲ್ಲ. ಬೀಳ್ಕೊಡುಗೆಯ ದಿನ ಮಧ್ಯಾಹ್ನ, ‘ಕಣೇ, ಅಲ್ಲಿ ಒಬ್ಬಳೇ ಒಂದು ರೂಮು ಮಾಡ್ಕೊಂಡು ಎಂಎ ಪರೀಕ್ಷೆನೂ ಮುಗಿಸಿಬಿಡ್ತೀನಿ’ ಎಂದು ಗೆಳತಿ ಹೇಳಿದಳು. ಆಗ ಮುಖ ಬಿಗಿಯಿತು, ಟೀ ಲೋಟ ತೊಳೆಯುವ ನೆಪದಲ್ಲಿ ಎದ್ದು ಹೋದಳು.

ಇಷ್ಟು ಬರೆದರೆ ಬಡ್ತಿ ಪಕ್ಕಕ್ಕೆ ಸರಿಯುತ್ತದೆ. ಉಳಿಯುವುದು ಒಬ್ಬಳೇ ಇರುವ ರೂಮು, ಅರ್ಧಕ್ಕೆ ಬಿಟ್ಟ ಓದು. ಈಗ ಅವಳು ತನಗೆ ಒಂದು ಪ್ರಶ್ನೆ ಹಾಕಿಕೊಳ್ಳಬಹುದು: ಗೆಳತಿಯದು ಗೆಳತಿಗೇ ಇದ್ದು, ನನಗೂ ಅದು ಸಿಕ್ಕರೆ ಈ ಉರಿ ಆರುತ್ತದೆಯೆ? ಆರುತ್ತದೆ ಎಂದರೆ ಬೇಕಾಗಿರುವುದು ಆ ಓದು, ಆ ಏಕಾಂತ. ಅದಕ್ಕೆ ಮುಂದೆ ದಾರಿ ಹುಡುಕಬಹುದು: ಫಾರಂ ತುಂಬುವ ಕೊನೆಯ ದಿನ ಯಾವಾಗ, ಮನೆಯಲ್ಲಿ ಯಾರ ಜೊತೆ ಮಾತಾಡಬೇಕು, ಸಂಜೆ ಎರಡು ಗಂಟೆ ಎಲ್ಲಿಂದ ತೆಗೆಯಬೇಕು. ಆರುವುದಿಲ್ಲ, ಅವಳಿಗೆ ಸಿಗಬಾರದಿತ್ತು ಎಂದೇ ಮನಸ್ಸು ಹಟ ಹಿಡಿದರೆ ವಿಷಯ ಬೇರೆ. ಅಲ್ಲಿ ಹೋಲಿಕೆಯೇ ಗಾಯವಾಗಿದೆ, ಹಳೆಯ ಯಾವುದೋ ಅವಮಾನ ಇರಬಹುದು, ಗೆಳತಿ ಬಿಟ್ಟುಹೋಗುತ್ತಿದ್ದಾಳೆ ಎಂಬ ದುಃಖವೇ ಹೊಟ್ಟೆಕಿಚ್ಚಿನ ವೇಷ ಹಾಕಿರಬಹುದು. ನನ್ನ ಅನಿಸಿಕೆಯಲ್ಲಿ ಈ ಕೊನೆಯದು ನಾವು ಅಂದುಕೊಂಡದ್ದಕ್ಕಿಂತ ಹೆಚ್ಚು ಸಾಮಾನ್ಯ. ಹಾಗಿದ್ದಾಗ ಎಂಎ ಫಾರಂ ತುಂಬಿದರೆ ಏನೂ ಕಡಿಮೆಯಾಗುವುದಿಲ್ಲ, ಮೈಸೂರಿಗೆ ಬಸ್ಸು ಹತ್ತಬೇಕು.

ಬರೆಯುವುದರಿಂದ ಎಲ್ಲ ತಿಳಿಯಾಗುತ್ತದೆ ಎಂದೇನಿಲ್ಲ. 1980ರ ದಶಕದಿಂದ ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನಿಬೇಕರ್ ಮನಸ್ಸಿನ ಕಷ್ಟವನ್ನು ಬರೆದುಕೊಳ್ಳುವವರ ಮೇಲೆ ಅಧ್ಯಯನ ನಡೆಸಿದ. ಮೂರು ನಾಲ್ಕು ದಿನ, ದಿನಕ್ಕೆ ಹದಿನೈದಿಪ್ಪತ್ತು ನಿಮಿಷ ಬರೆಯುವುದು ಅವನ ಕ್ರಮ. ಅದರಲ್ಲಿ ಉಪಯೋಗವಾದವರ ಬರಹದಲ್ಲಿ ದಿನ ಕಳೆದ ಹಾಗೆ ಕಾರಣ ಹೇಳುವ, ಅರ್ಥವಾಯಿತು ಎನ್ನುವ ಬಗೆಯ ಮಾತುಗಳು ಹೆಚ್ಚಾದದ್ದನ್ನು ಅವನು ಗಮನಿಸಿದ. ಒಂದೇ ಕತೆಯನ್ನು ಒಂದೇ ರೀತಿಯಲ್ಲಿ ದಿನವೂ ಬರೆದವರಿಗೆ ಅಂಥ ಲಾಭ ಕಾಣಲಿಲ್ಲ. ಇದನ್ನು ನಮ್ಮ ಪುಟಕ್ಕೆ ಹಚ್ಚಿ ನೋಡುವುದು ಸುಲಭ. ನಾಲ್ಕನೇ ದಿನವೂ ಪ್ರತಿ ವಾಕ್ಯದ ಕರ್ತೃ ಗೆಳತಿಯೇ ಆಗಿದ್ದರೆ, ಅವಳು ಹೀಗೆ ಮಾಡಿದಳು, ಅವಳು ಹಾಗೆ ಅಂದಳು ಎಂದೇ ಸಾಗುತ್ತಿದ್ದರೆ, ಪುಸ್ತಕ ಮುಚ್ಚಿಟ್ಟು ಯಾರ ಹತ್ತಿರವಾದರೂ ಮಾತಾಡುವುದು ಮೇಲು. ‘ನನಗೆ’ ಎಂದು ಶುರುವಾಗುವ ವಾಕ್ಯಗಳು, ‘ಯಾಕೆಂದರೆ’ ಎಂದು ಮುಂದುವರಿಯುವ ವಾಕ್ಯಗಳು ಬರತೊಡಗಿದರೆ ಕೆಲಸ ನಡೆಯುತ್ತಿದೆ. ವುಲ್ಫಳ 1920ರ ಪುಟದಲ್ಲಿ ಅದು ಒಂದೇ ವಾಕ್ಯದೊಳಗೆ ಆಯಿತು. ಎಲ್ಲರಿಗೂ ಅಷ್ಟು ಬೇಗ ಆಗಬೇಕಿಲ್ಲ.

ಹಾಗೆ ತಿಳಿದುಕೊಂಡ ಮಾತ್ರಕ್ಕೆ ಅಸೂಯೆ ಜಾಗ ಖಾಲಿಮಾಡುತ್ತದೆ ಎಂದೂ ಅಲ್ಲ. 1924ರ ಅಕ್ಟೋಬರ್ 17ರಂದು ವುಲ್ಫ್ ‘ಮಿಸೆಸ್ ಡ್ಯಾಲೊವೇ’ ಕಾದಂಬರಿಯ ಕರಡು ಮುಗಿದದ್ದನ್ನು ದಿನಚರಿಯಲ್ಲಿ ದಾಖಲಿಸಿದಳು. ಅವಳನ್ನು ಅವಳನ್ನಾಗಿ ಮಾಡಿದ ಪುಸ್ತಕ ಅದು; ಒಂದೇ ದಿನದಲ್ಲಿ ನಡೆದು ಹಲವರ ಮನಸ್ಸಿನೊಳಗೆ ಹರಿಯುವ ಕತೆ, ಹೊಸ ರೂಪಕ್ಕಾಗಿ ನಡೆಸಿದ ಹುಡುಕಾಟದ ಫಲ. ಅದೇ ಪುಟದಲ್ಲಿ ಕ್ಯಾಥರೀನಳ ನೆನಪು ಬರುತ್ತದೆ. ಅವಳು ಬದುಕಿ ಬರೆಯುತ್ತ ಹೋಗಿದ್ದರೆ ಇಬ್ಬರಲ್ಲಿ ಹೆಚ್ಚು ಪ್ರತಿಭೆ ಇದ್ದದ್ದು ನನಗೇ ಎಂದು ಜನಕ್ಕೆ ಕಾಣುತ್ತಿತ್ತು ಎಂದು ವುಲ್ಫ್ ಬರೆಯುತ್ತಾಳೆ. ಮೊದಲಿಗಳಾಗಬೇಕೆಂಬ ಆಸೆ ಹಾಗೇ ಇದೆ. ಆದರೆ ಅದನ್ನು ಒಪ್ಪಿಸಬೇಕಾಗಿದ್ದ ಸಾಕ್ಷಿ ಇನ್ನೂ ಅದೇ ಗೆಳತಿ, ಕಾದಂಬರಿ ಮುಗಿಸಿದಾಗ ಅವಳು ನೆನೆದದ್ದೂ ಅವಳನ್ನೇ.